ಒಂದು ಶಿಫಾರಸು ಪತ್ರದ ಕಸುಬು

ಇಂಡಿ ತಾಲ್ಲೂಕಿನ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿಗೆ ಅವಳ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಬರೆದ ಪತ್ರ ಓದಿದೆ. ಒಂದೇ ಪುಟ. ‘ಶ್ರಮಜೀವಿ, ವಿನಯವಂತೆ’ ಎಂಬ ಮಾಮೂಲು ಮಾತು ಎಲ್ಲೂ ಇಲ್ಲ.

ಇರುವುದು ಹೆರಿಗೆ ವಾರ್ಡಿನ ಒಂದು ರಾತ್ರಿ. ಹೆರಿಗೆಯಾದ ಮೊದಲ ತಾಸುಗಳಲ್ಲಿ ಬಾಣಂತಿಯ ನಾಡಿ, ರಕ್ತದೊತ್ತಡ, ರಕ್ತಸ್ರಾವವನ್ನು 15 ನಿಮಿಷಕ್ಕೊಮ್ಮೆ ನೋಡಬೇಕು. ಎರಡನೇ ಸಲ ನೋಡುವಾಗ ನಾಡಿ 88ರಿಂದ 116ಕ್ಕೆ ಏರಿತ್ತು, ರಕ್ತದೊತ್ತಡ ಇನ್ನೂ ಸರಿಯಿತ್ತು. ಹುಡುಗಿ ಅಷ್ಟಕ್ಕೆ ಸಮಾಧಾನಪಡಲಿಲ್ಲ. ಹೊಟ್ಟೆ ಮುಟ್ಟಿ ನೋಡಿದಳು. ಗಟ್ಟಿಯಿರಬೇಕಾದ ಗರ್ಭಕೋಶ ಮೆತ್ತಗಿತ್ತು. ಅದನ್ನು ಉಜ್ಜುತ್ತಲೇ ಸ್ಟಾಫ್ ನರ್ಸನ್ನು ಕೂಗಿದಳು. ರಕ್ತದೊತ್ತಡ ಕುಸಿಯುವುದು ತಡವಾಗಿ, ನಾಡಿ ಮೊದಲೇ ಹೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತೆಂದು ಅಕ್ಕೋರು ಬರೆದಿದ್ದಾರೆ.

ನನಗೆ ಇನ್ನೂ ಹಿಡಿಸಿದ್ದು ಮುಂದಿನ ಸಾಲು: ಮೊದಲ ವರ್ಷ ಇವಳ ಚಾರ್ಟ್ ಬರವಣಿಗೆ ಅರೆಬರೆಯಾಗಿತ್ತು, ಈಗ ಪ್ರತಿ ನಮೂದಿಗೂ ವೇಳೆ, ಸಹಿ ಇವೆ. ಈ ಕೊರತೆಯನ್ನೂ ಬರೆದದ್ದರಿಂದಲೇ ಹೊಗಳಿಕೆ ನಂಬುವಂತಾಯಿತು. ರೋಗಿಯ ಹೆಸರಿಲ್ಲ. ಮನೆಯ ಬಡತನವನ್ನು ಆದಾಯ ಪ್ರಮಾಣಪತ್ರಕ್ಕೆ ಬಿಟ್ಟಿದ್ದಾರೆ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗಿಯರಿಗೆ ಪತ್ರ ಬರೆಯುವ ಅಕ್ಕೋರೇ, ವಾರ್ಡಿನಲ್ಲಿ ಕಣ್ಣಾರೆ ಕಂಡ ಒಂದು ಕೆಲಸವನ್ನು ಹೀಗೆ ಪೂರ್ತಿ ಬರೆಯಿರಿ.