ಮಂಡಿ ನೆಟ್ಟಗಿಟ್ಟೋ, ಮಡಚಿಯೋ: ಮೀನಖಂಡದ ವ್ಯಾಯಾಮ ಕುರಿತು

ಪೊಲೀಸ್ ಕಾನ್ಸ್‌ಟೇಬಲ್ ನೇಮಕಾತಿಯ ಸಹಿಷ್ಣುತಾ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ನಿರ್ಣಾ, ಹುಮನಾಬಾದ್, ಬಸವಕಲ್ಯಾಣದ ಕಡೆ ಇದಕ್ಕೆ ತಯಾರಾಗುವ ಹುಡುಗರಿಗೆ ಮೀನಖಂಡ ಗಟ್ಟಿ ಮಾಡಿಕೊಳ್ಳಲು ಸಿಗುವ ಸಲಹೆ ಎರಡು ಬಗೆಯದು. ತಾಲೀಮಿನ ಹಿರಿಯರು ಬೈಠಕ್ ಹೊಡೆಯಲು ಹೇಳುತ್ತಾರೆ. ಜಿಮ್‌ನವರು ಕಾಫ್ ರೈಸ್ ಮಾಡಿಸಿ, ಮಂಡಿ ನೆಟ್ಟಗಿದ್ದರೆ ಗ್ಯಾಸ್ಟ್ರೊಕ್ನೀಮಿಯಸ್ಸಿಗೆ, ಮಡಚಿದರೆ ಸೋಲಿಯಸ್ಸಿಗೆ ಎಂಬ ಸೂತ್ರ ಕೊಡುತ್ತಾರೆ. ಈ ಸೂತ್ರ ಅರ್ಧ ಮಾತ್ರ ಸರಿ. ಮಂಡಿ ಮಡಚಿದಾಗ ಸೋಲಿಯಸ್ಸಿಗೆ ಹೊಸದಾಗಿ ಏನೂ ಸೇರುವುದಿಲ್ಲ. ಅದರ ಜೊತೆಗಾರ ಸ್ನಾಯು ಹಿಂದೆ ಸರಿಯುತ್ತದೆ, ಅಷ್ಟೆ. ಈ ವ್ಯತ್ಯಾಸ ಹಿಡಿಯದೆ ಮಾಡುವ ಅಭ್ಯಾಸದಿಂದ ಓಟಗಾರನಿಗೆ ಸಿಗುವುದು ಕಡಿಮೆ.

ಕಾರಣ ಈ ಸ್ನಾಯುಗಳು ಮೂಳೆಗೆ ಅಂಟಿರುವ ಜಾಗದಲ್ಲಿದೆ. ಗ್ಯಾಸ್ಟ್ರೊಕ್ನೀಮಿಯಸ್ಸಿನ ಎರಡು ತಲೆಗಳೂ ತೊಡೆಯ ಮೂಳೆಯ ಕೆಳತುದಿಯಿಂದ, ಅಂದರೆ ಮಂಡಿಯ ಮೇಲಿನಿಂದ ಹೊರಡುತ್ತವೆ. ಸೋಲಿಯಸ್ ಅದರ ಅಡಿಯಲ್ಲಿ ಅಡಗಿದ್ದು, ಮಂಡಿಯ ಕೆಳಗಿನ ಎರಡು ಮೂಳೆಗಳಿಂದ ಹುಟ್ಟುತ್ತದೆ. ಎರಡೂ ಒಂದೇ ಅಕಿಲಿಸ್ ಸ್ನಾಯುರಜ್ಜುವಾಗಿ ಹಿಮ್ಮಡಿಗೆ ಸೇರುತ್ತವೆ. ಮಂಡಿ ಮಡಚಿದರೆ ಮೇಲಿನ ಸ್ನಾಯು ಎಳೆಯುವ ಮೊದಲೇ ಸಡಿಲವಾಗಿ ಗಿಡ್ಡವಾಗುತ್ತದೆ, ಗಿಡ್ಡವಾದ ಸ್ನಾಯು ಹೆಚ್ಚು ಬಲ ಹುಟ್ಟಿಸಲಾರದು. ಸೋಲಿಯಸ್ ಮಂಡಿಯನ್ನು ದಾಟುವುದೇ ಇಲ್ಲವಾದ್ದರಿಂದ ಅದರ ಉದ್ದ ಬದಲಾಗುವುದಿಲ್ಲ. ಕಣ್ಣಿಗೆ ಕಾಣುವ ಉಬ್ಬು ಗ್ಯಾಸ್ಟ್ರೊಕ್ನೀಮಿಯಸ್ಸಿನದು, ಆದರೆ ಗಾತ್ರದಲ್ಲಿ ಎರಡರಲ್ಲಿ ದೊಡ್ಡದು ಒಳಗಿನ ಸೋಲಿಯಸ್ಸೇ. ಅದರ ನಾರುಗಳಲ್ಲಿ ಬಹುಪಾಲು ನಿಧಾನವಾಗಿ ದಣಿಯುವ ಜಾತಿಯವು. ಓಡುವಾಗ ಪಾದ ನೆಲದಲ್ಲಿರುವ ಹೊತ್ತಿನ ನಡುವೆ ಮಂಡಿ ಸುಮಾರು 40 ಡಿಗ್ರಿ ಮಡಚಿರುತ್ತದೆ. ಆಗ ಸೋಲಿಯಸ್ ಹೊರುವ ಬಲ ದೇಹದ ತೂಕದ ಆರೇಳು ಪಟ್ಟು ಎಂದು ಓಟದ ಯಾಂತ್ರಿಕ ಲೆಕ್ಕಗಳು ಹೇಳುತ್ತವೆ. ಗ್ಯಾಸ್ಟ್ರೊಕ್ನೀಮಿಯಸ್ ಹೊರುವುದು ಅದರ ಅರ್ಧಕ್ಕಿಂತ ಕಡಿಮೆ.

ಇಷ್ಟು ಕೇಳಿದರೆ ಕುಳಿತು ಮಾಡುವ ಕಾಫ್ ರೈಸೇ ಸಾಕು ಅನ್ನಿಸಬಹುದು. 2023ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗ ಈ ಅವಸರವನ್ನು ತಡೆಯುತ್ತದೆ. ವ್ಯಾಯಾಮದ ರೂಢಿಯಿಲ್ಲದ 14 ಮಂದಿ 12 ವಾರ, ವಾರಕ್ಕೆ ಎರಡು ದಿನ, ಒಂದು ಕಾಲನ್ನು ನಿಂತು, ಇನ್ನೊಂದನ್ನು ಕುಳಿತು ಪಳಗಿಸಿದರು. ನಿಂತು ಮಾಡಿದ ಕಾಲಿನಲ್ಲಿ ಗ್ಯಾಸ್ಟ್ರೊಕ್ನೀಮಿಯಸ್ಸಿನ ಹೊರತಲೆ 12.4 ಶೇಕಡ, ಒಳತಲೆ 9.2 ಶೇಕಡ ಬೆಳೆಯಿತು. ಕುಳಿತು ಮಾಡಿದ ಕಾಲಿನಲ್ಲಿ ಅವು 1.7 ಮತ್ತು 0.6 ಶೇಕಡದಲ್ಲೇ ನಿಂತವು. ಸೋಲಿಯಸ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ನಿಂತಾಗ 2.1, ಕುಳಿತಾಗ 2.9. ಹೀಗಾಗಿ ಒಂದನ್ನಷ್ಟೇ ಮಾಡಲು ಸಮಯವಿರುವವರು ಮಂಡಿ ನೆಟ್ಟಗಿಟ್ಟು ಮಾಡುವುದನ್ನೇ ಆರಿಸಿಕೊಳ್ಳಬೇಕು. ಅದರಲ್ಲಿ ಎರಡು ಸ್ನಾಯುಗಳೂ ದುಡಿಯುತ್ತವೆ.

ಹಾಗಾದರೆ ಮಂಡಿ ಮಡಚುವುದು ಏಕೆ ಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಮೊದಲನೆಯದಾಗಿ, ಆ ಪ್ರಯೋಗ ಅಳೆದದ್ದು ಗಾತ್ರವನ್ನು, ಅದೂ ಹೊಸಬರಲ್ಲಿ. ಮಡಚಿದ ಮಂಡಿಯ ಮೇಲೆ ನೂರಾರು ಸಲ ಭಾರ ಹೊರುವ ಶಕ್ತಿ ಬೇರೆ ವಿಷಯ, ಯಾವ ಕೋನದಲ್ಲಿ ಪಳಗಿಸುತ್ತೇವೋ ಆ ಕೋನದಲ್ಲೇ ಬಲ ಹೆಚ್ಚು ಬರುತ್ತದೆ. ಎರಡನೆಯದು ನನಗೆ ಇನ್ನೂ ಮುಖ್ಯವೆನಿಸುತ್ತದೆ: ಮಂಡಿ ನೆಟ್ಟಗಿದ್ದಾಗ ಸೋಲಿಯಸ್ಸಿನ ದೌರ್ಬಲ್ಯ ಜೊತೆಗಾರನ ಮರೆಯಲ್ಲಿ ಉಳಿಯುತ್ತದೆ. 60 ಕೆಜಿ ತೂಕದ, ಬಲ ಮೀನಖಂಡದ ಆಳದಲ್ಲಿ ಬಿಗಿತವಿದೆ ಎನ್ನುವ ಒಬ್ಬ ಓಟಗಾರನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗೋಡೆಗೆ ಬೆರಳು ತಾಗಿಸಿ, ಒಂದೇ ಕಾಲಿನಲ್ಲಿ, ಎರಡು ಸೆಕೆಂಡಿಗೆ ಒಂದರಂತೆ ಹಿಮ್ಮಡಿ ಎತ್ತಿದಾಗ ಎಡಗಾಲು 26, ಬಲಗಾಲು 25 ಬಂದವು. ರೂಢಿಯಲ್ಲಿರುವ ಮಟ್ಟವೂ 25ರ ಆಸುಪಾಸಿನದೇ, ದೋಷವೇನೂ ಕಾಣುವುದಿಲ್ಲ. ಅದೇ ಪರೀಕ್ಷೆಯನ್ನು ಮಂಡಿ ಚೆನ್ನಾಗಿ ಮಡಚಿಕೊಂಡು ಮಾಡಿಸಿದರೆ ಎಡಗಾಲು 22ಕ್ಕೆ, ಬಲಗಾಲು 13ಕ್ಕೆ ನಿಂತಿತು ಎನ್ನಿ. ಈಗ ಅನುಮಾನ ಸೋಲಿಯಸ್ಸಿನ ಮೇಲೆ ಬೀಳುತ್ತದೆ. ಎಣಿಕೆ ನಂಬುವಂತಿರಬೇಕಾದರೆ ನೋಡುವವರು ಒಂದು ಮೋಸವನ್ನು ಹಿಡಿಯಬೇಕು: ದಣಿದ ಕಾಲು ತಾನಾಗಿ ಮಂಡಿಯನ್ನು ನೆಟ್ಟಗೆ ಮಾಡಿಕೊಂಡು ಗ್ಯಾಸ್ಟ್ರೊಕ್ನೀಮಿಯಸ್ಸನ್ನು ಕರೆಯುತ್ತದೆ. ಮಡಚಿದ ಕೋನ ಬಿಚ್ಚಿದ ಕ್ಷಣ ಅಥವಾ ಹಿಮ್ಮಡಿಯ ಎತ್ತರ ಇಳಿದ ಕ್ಷಣವೇ ಎಣಿಕೆ ಮುಗಿಯಬೇಕು. ಮಂಡಿಯನ್ನು ಒಂದಿಷ್ಟು ಬಾಗಿಸಿದರೆ ಸಾಲದು. 45 ಡಿಗ್ರಿಯಲ್ಲೂ ಸ್ನಾಯುಗಳ ಪಾಲು ಬದಲಾಗುವುದು ಸ್ವಲ್ಪವೇ ಎಂದು ವಿದ್ಯುತ್ ಸಂಕೇತದ ಅಳತೆಗಳು ತೋರಿಸಿವೆ.

ಮಡಚಿದ ಮಂಡಿಯ ಅಭ್ಯಾಸ ಹೆಚ್ಚಾಗಿ ವ್ಯರ್ಥವಾಗುವುದು ಭಾರದ ಲೆಕ್ಕ ತಪ್ಪುವುದರಿಂದ. ಕುರ್ಚಿಯಲ್ಲಿ ಕುಳಿತು ಬರಿಗಾಲಿನಲ್ಲಿ ಹಿಮ್ಮಡಿ ಎತ್ತಿದರೆ ಪಾದ ಹೊರುವುದು ಕಾಲಿನ ಸ್ವಂತ ತೂಕ, ಐದಾರು ಕೆಜಿ. ಎರಡೂ ತೊಡೆಗಳ ಮೇಲೆ, ಮಂಡಿಯ ಹತ್ತಿರ, 50 ಕೆಜಿಯ ಜೋಳದ ಚೀಲ ಇಟ್ಟುಕೊಂಡರೂ ಒಂದೊಂದು ಕಾಲಿಗೆ ಬರುವುದು ಸುಮಾರು 31 ಕೆಜಿ. ಮೇಲೆ ಹೇಳಿದ ಓಟಗಾರ ಒಂದು ಕಾಲಿನ ಮೇಲೆ ನಿಂತರೆ 60 ಕೆಜಿ ಹೊರುತ್ತಾನೆ. ಕುಳಿತು ಮಾಡಿದ್ದು ಕಷ್ಟವೆನಿಸದೆ ಐವತ್ತು, ಅರವತ್ತು ಸಲ ಬಂದರೆ ಅದು ಶಕ್ತಿಯ ವ್ಯಾಯಾಮವಾಗಿರುವುದಿಲ್ಲ. ಯಂತ್ರವಿಲ್ಲದ ಊರಿನಲ್ಲಿ ಇದಕ್ಕೆ ಒಳ್ಳೆಯ ದಾರಿ ಗೋಡೆ. ಬೆನ್ನನ್ನು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕುಳಿತ ಹಾಗೆ ಇಳಿದು, ಒಂದು ಕಾಲನ್ನು ಎತ್ತಿ, ಇನ್ನೊಂದರ ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದು. ಎಂಟರಿಂದ ಹನ್ನೆರಡು ಸಲಕ್ಕೆ ಸಾಕಾಗುವ ಭಾರವಿದ್ದು, ಮೂರು ಸುತ್ತು, ವಾರಕ್ಕೆ ಎರಡು ಮೂರು ದಿನ ಮಾಡಿದರೆ ಸಾಕು.

ಬೈಠಕ್‌ಗೆ ಈ ಬೆಳಕಿನಲ್ಲಿ ಗೌರವ ಸಲ್ಲಬೇಕು. ಪೈಲ್ವಾನರು ಇಳಿಯುವಾಗ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ಭಾರ ಹಾಕುತ್ತಾರೆ, ಮಂಡಿ ಪೂರ್ತಿ ಮಡಚಿರುತ್ತದೆ. ಗ್ಯಾಸ್ಟ್ರೊಕ್ನೀಮಿಯಸ್ ಗಿಡ್ಡವಾಗಿ, ದೇಹ ನಿಲ್ಲುವುದು ಸೋಲಿಯಸ್ಸಿನ ಹಿಡಿತದಲ್ಲೇ. ನೂರಾರು ಬೈಠಕ್ ಹೊಡೆಯುವವನ ಸೋಲಿಯಸ್ಸಿಗೆ ತಾಳ್ಮೆ ಬರುತ್ತದೆಂಬುದನ್ನು ಒಪ್ಪಬೇಕು. ಆದರೆ ದೇಹದ ತೂಕ ಎರಡು ಕಾಲುಗಳಿಗೆ ಹಂಚಿಹೋಗುತ್ತದೆ, ಭಾರ ವಾರದಿಂದ ವಾರಕ್ಕೆ ಏರುವುದಿಲ್ಲ. ಹೀಗಾಗಿ ಅದು ಓಟಗಾರನಿಗೆ ಬೇಕಾದ ಭಾರಕ್ಕೆ ಬದಲಿಯಾಗದು.

ಓಟವೇ ಸೋಲಿಯಸ್ಸನ್ನು ಪಳಗಿಸುವುದಿಲ್ಲವೇ ಎಂದೂ ಕೇಳಬಹುದು. 1600 ಮೀಟರಿನಲ್ಲಿ ಪ್ರತಿ ಕಾಲು ನೆಲಕ್ಕೆ ಬೀಳುವುದು ಸುಮಾರು 550 ಸಲ, ಪಳಗಿಸದೆ ಏನು? ಆದರೆ ಪ್ರತಿ ಸಲವೂ ಆ ಭಾರ ಒಂದು ಕ್ಷಣದ್ದು, ಮತ್ತು ಅದನ್ನು ನಿಧಾನವಾಗಿ ಏರಿಸುವ ಹಿಡಿಕೆ ನಮ್ಮ ಕೈಯಲ್ಲಿಲ್ಲ. ನೋವು ಬಂದವನಿಗೆ ಓಟ ಔಷಧಿಯಾಗದೆ ಇರುವುದೂ ಇದರಿಂದಲೇ. 1998ರಲ್ಲಿ ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಅಕಿಲಿಸ್ ನೋವಿಗೆ ಕೊಟ್ಟ ಕ್ರಮದಲ್ಲಿ ಹಿಮ್ಮಡಿ ಇಳಿಸುವುದನ್ನು 15ರಂತೆ ಮೂರು ಸುತ್ತು ಮಂಡಿ ನೆಟ್ಟಗಿಟ್ಟು, ಮತ್ತೆ ಅಷ್ಟೇ ಮಡಚಿ, ದಿನಕ್ಕೆರಡು ಹೊತ್ತು, 12 ವಾರ ಮಾಡಬೇಕಿತ್ತು, ಎರಡನ್ನೂ ಬಿಡಲಿಲ್ಲ. ಮೇಲಿನ ಸ್ನಾಯು ಹರಿದಾಗಲೂ ಮಡಚಿದ ಮಂಡಿಯೇ ಮೊದಲ ಮೆಟ್ಟಿಲು, ಏಕೆಂದರೆ ಗಾಯವಾದ ಭಾಗ ಸಡಿಲವಾಗಿಯೇ ಇರುತ್ತದೆ. ಓಡುವಾಗ ಫಟ್ಟನೆ ಹೊಡೆದಂತಾಗಿ ಒಳಬದಿಯ ಉಬ್ಬಿನಲ್ಲಿ ನೋವು ಹಿಡಿದರೆ ಅದು ಹೆಚ್ಚಾಗಿ ಗ್ಯಾಸ್ಟ್ರೊಕ್ನೀಮಿಯಸ್. ದಿನದಿಂದ ದಿನಕ್ಕೆ ಆಳದಲ್ಲಿ ಬಿಗಿಯುತ್ತ, ಮಂಡಿ ಮಡಚಿ ಪಾದವನ್ನು ಮೇಲಕ್ಕೆ ಬಾಗಿಸಿದಾಗ ಹೆಚ್ಚುವ ನೋವು ಸೋಲಿಯಸ್ಸಿನದಾಗಿರುವ ಸಾಧ್ಯತೆ ಹೆಚ್ಚು. ಮೀನಖಂಡ ಬಿಸಿಯಾಗಿ ಊದಿಕೊಂಡು, ವಿಶ್ರಾಂತಿಯಲ್ಲೂ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಈ ಪರೀಕ್ಷೆಗಳನ್ನು ಮಾಡದೆ ವೈದ್ಯರಿಗೆ ತೋರಿಸಬೇಕು.