ನೂರಕ್ಕೆ ನೂರು, ಆದರೆ ಯಾವುದರ ಮೇಲೆ?

ಗದಗ-ಬೆಟಗೇರಿಯ ಸರಾಫ ಅಂಗಡಿಗಳಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪೇಟೆಗಳಿರಲಿ, ಬಂಗಾರದ ವ್ಯಾಪಾರ ಹೊಲದ ಲೆಕ್ಕಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಶೇಂಗಾ, ಹತ್ತಿ, ಉಳ್ಳಾಗಡ್ಡಿಯ ರೊಕ್ಕ ಕೈಗೆ ಬಂದಾಗ ಕೊಂಡ ಒಡವೆ, ಬಿತ್ತನೆಗೋ ಆಸ್ಪತ್ರೆಗೋ ಹಣ ಬೇಕಾದಾಗ ಮತ್ತೆ ಅಂಗಡಿಯ ತಕ್ಕಡಿ ಏರುತ್ತದೆ. ಹಾಗಾಗಿ ‘ಬದಲಾಯಿಸಿದರೆ ನೂರಕ್ಕೆ ನೂರು, ಮರಳಿ ಕೊಟ್ಟರೆ ಸ್ವಲ್ಪ ಕಡಿತ’ ಎಂಬ ಭರವಸೆ ಇಲ್ಲಿನವರಿಗೆ ಬರೀ ಜಾಹೀರಾತಿನ ಸಾಲಲ್ಲ. ಕೊಳ್ಳುವಾಗ ಅದೇ ಧೈರ್ಯ. ಈ ಭರವಸೆಯಲ್ಲಿ ಸುಳ್ಳು ಕಡಿಮೆ. ಹೇಳಿದ ಶೇಕಡಾವಾರನ್ನು ಬಹುಪಾಲು ಅಂಗಡಿಗಳು ಕೊಟ್ಟೇ ಕೊಡುತ್ತವೆ. ತಕರಾರು ಇರುವುದು ಆ ನೂರನ್ನು ಯಾವ ಮೊತ್ತದ ಮೇಲೆ ಎಣಿಸುತ್ತಾರೆ ಎಂಬುದರಲ್ಲಿ. ಗಿರಾಕಿಯ ಮನಸ್ಸಿನಲ್ಲಿರುವುದು ತಾನು ತೆತ್ತ ಹಣ. ಷರತ್ತಿನಲ್ಲಿರುವುದು ನಿವ್ವಳ ಬಂಗಾರದ ತೂಕಕ್ಕೆ ಆ ದಿನದ ದರ. ಇವೆರಡರ ನಡುವಿನ ಅಂತರ ಎಷ್ಟೆಂಬುದನ್ನು ಕೊಳ್ಳುವ ದಿನ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಕಡೆಯ ಹೆಣ್ಣುಮಕ್ಕಳ ಕೊರಳಿನ ಬೋರಮಾಳವನ್ನೇ ತೆಗೆದುಕೊಳ್ಳೋಣ. ತೆಳು ತಗಡಿನ ಟೊಳ್ಳು ಗುಂಡುಗಳು ಜಜ್ಜಿಹೋಗದಿರಲೆಂದು ಒಳಗೆ ಅರಗು ತುಂಬಿರುತ್ತಾರೆ. ಸರ ಒಟ್ಟು 20 ಗ್ರಾಂ ತೂಗುತ್ತದೆ, ಅದರಲ್ಲಿ ಅರಗು ಮತ್ತು ದಾರ 4 ಗ್ರಾಂ, ಬಂಗಾರ 16 ಗ್ರಾಂ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್‌ನ ದರ ಗ್ರಾಂಗೆ 10,000 ರೂಪಾಯಿ, ಮಜೂರಿ-ವೇಸ್ಟೇಜ್ ಸೇರಿ ಶೇ. 15 ಎಂದು ಹಿಡಿಯೋಣ. ಬಂಗಾರಕ್ಕೆ 1,60,000, ಮಜೂರಿಗೆ 24,000, ಎರಡರ ಮೇಲೆ ಶೇ. 3ರ ಜಿಎಸ್‌ಟಿ 5,520. ಒಟ್ಟು 1,89,520 ರೂಪಾಯಿ. ಮರುದಿನವೇ, ದರ ಬದಲಾಗದಿರುವಾಗ, ಸರವನ್ನು ಮರಳಿ ಒಯ್ದರೆ ಏನಾಗುತ್ತದೆ? ಬೈಬ್ಯಾಕ್‌ಗೆ ಶೇ. 5 ಕಡಿತವೆಂದರೆ ಕೈಗೆ ಬರುವುದು 1,52,000. ಫಲಕದ ಮೇಲೆ ಐದು ಎಂದಿದ್ದದ್ದು ಗಿರಾಕಿಯ ಗಂಟಿಗೆ ಸುಮಾರು ಇಪ್ಪತ್ತಾಗಿ ಕೂತಿತು. ಅವರು ಕೊಟ್ಟ ಹಣ ಅವರಿಗೇ ಮರಳಬೇಕಾದರೆ ದರ 12,470 ರೂಪಾಯಿಯ ಆಸುಪಾಸಿಗೆ, ಅಂದರೆ ಕಾಲು ಪಾಲು, ಏರಬೇಕು. ಹಾಗೆ ಏರಿದ ದಿನ ‘ನೋಡ್ರಿ, ಎಷ್ಟು ಲಾಭ ಆತು’ ಎನ್ನುವ ಮಾತು ಬರುತ್ತದಲ್ಲ, ಆ ಏರಿಕೆ ಜಗತ್ತಿನ ಬಂಗಾರದ ಪೇಟೆ ಕೊಟ್ಟದ್ದು. ಅಂಗಡಿಯ ಗ್ಯಾರಂಟಿಗೂ ಅದಕ್ಕೂ ಸಂಬಂಧವಿಲ್ಲ.

ಎಕ್ಸ್‌ಚೇಂಜ್ ಇನ್ನೂ ನಯವಾದದ್ದು. ಅಲ್ಲಿ ಕಡಿತವೇ ಇಲ್ಲ, 1,60,000 ಪೂರ್ತಿ ಜಮೆ. ಆದರೆ ಅಷ್ಟೇ ತೂಕದ ಬೇರೆ ಸರಕ್ಕೆ ಮತ್ತೆ 24,000 ಮಜೂರಿ. ಜಿಎಸ್‌ಟಿ ಬೀಳುವುದು ಹೊಸ ಸರದ ಪೂರ್ಣ ಬೆಲೆಯ ಮೇಲೆ, ಕೈಯಿಂದ ಕೊಡುವ ವ್ಯತ್ಯಾಸದ ಮೇಲಲ್ಲ. ಹೀಗೆ 29,520 ರೂಪಾಯಿ ತೆತ್ತ ಮೇಲೂ ಅವರ ಬಳಿ ಇರುವುದು ಅದೇ 16 ಗ್ರಾಂ. ಪೂರ್ತಿ ಬೆಲೆಯನ್ನು ಬದಲಾವಣೆಗೆ ಇಟ್ಟು, ಕಡಿತವನ್ನು ಹಣ ಕೇಳುವವರಿಗೆ ಇಟ್ಟಿರುವುದು ಆಕಸ್ಮಿಕವೇನಲ್ಲ. ಬಿತ್ತನೆಯ ಹೊತ್ತಿಗೆ ಹಣಕ್ಕೆಂದು ಬಂದವರಿಗೆ ಹೊಸ ನಮೂನೆಯ ಸರ ಬೇಕಿರುವುದಿಲ್ಲ; ಗ್ಯಾರಂಟಿ ಧಾರಾಳವಾಗಿರುವುದು ಅಗತ್ಯ ಕಡಿಮೆ ಇರುವವರಿಗೇ. ಹಣವೂ ನೋಟಿನ ಕಟ್ಟಾಗಿ ಸಿಗುವುದು ಅಪರೂಪ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವ್ಯಾಪಾರಿಯು ಆದಾಯ ತೆರಿಗೆಯಲ್ಲಿ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಹೀಗಾಗಿ ಚೆಕ್ ಅಥವಾ ಬ್ಯಾಂಕ್ ಖಾತೆಯೇ ಗತಿ.

ಅಂಗಡಿಯವರ ವಾದವನ್ನೂ ಕೇಳಬೇಕು. ಮಜೂರಿ ಪತ್ತಾರರ ಕೈಸೇರಿ ಖರ್ಚಾಗಿದೆ, ಜಿಎಸ್‌ಟಿ ಸರಕಾರಕ್ಕೆ ಸಂದಿದೆ, ಮರಳಿ ಬಂದ ಸರವನ್ನು ಕರಗಿಸಿ ಶುದ್ಧ ಮಾಡಿಸಲು ದುಡ್ಡು ಬೇಕು. ಎಲ್ಲಿಂದ ಕೊಡೋಣ ಎನ್ನುತ್ತಾರೆ. ನ್ಯಾಯವಾದ ಮಾತು. ಮಜೂರಿ ವಾಪಸ್ ಕೇಳುವುದು ಹೊಲಿಸಿದ ಅಂಗಿ ಒಯ್ದು ದರ್ಜಿಯಿಂದ ಹೊಲಿಗೆಯ ಕೂಲಿ ಕೇಳಿದಂತೆ. ಆದರೆ ಈ ವಾದ ಕಡಿತವನ್ನು ಸಮರ್ಥಿಸುತ್ತದೆಯೇ ಹೊರತು, ಮರಳಿ ಬಾರದ ಭಾಗ ಇಷ್ಟು ಎಂದು ಮೊದಲೇ ಹೇಳದಿರುವುದನ್ನಲ್ಲ. ಮೇಲಿನ ಉದಾಹರಣೆಯಲ್ಲಿ ಅದು ಮೊದಲ ದಿನವೇ ಗೊತ್ತಿದ್ದ ಮೊತ್ತ: 29,520. ಬಿಲ್ಲಿನಲ್ಲಿ ಇನ್ನೊಂದು ಸಾಲು ಬರೆಯಲು ಅಡ್ಡಿಯೇನು?

ಸಮರ್ಥಿಸಲಾಗದ ಕಡಿತಗಳು ಬೇರೆ ಇವೆ, ಬೋರಮಾಳದಂಥ ಒಡವೆಯಲ್ಲೇ ಅವು ಹೆಚ್ಚು. ಮೊದಲನೆಯದು ತೂಕದ್ದು. ಮಾರುವಾಗ ಅರಗಿನ ಅಂದಾಜು ಕಡಿಮೆ ಹಿಡಿದು, ಮರಳಿ ಕೊಳ್ಳುವಾಗ ಕರಗಿಸಿದ ಮೇಲಿನ ತೂಕವನ್ನೇ ಹಿಡಿದರೆ ಗ್ರಾಂಗಟ್ಟಲೆ ಬಂಗಾರ ನಡುವೆಯೇ ಮಾಯ. ನಮ್ಮ 20 ಗ್ರಾಂ ಸರದಲ್ಲಿ ಅರಗು-ದಾರ 3 ಗ್ರಾಂ ಎಂದು ಬರೆದು 17 ಗ್ರಾಂಗೆ ಹಣ ಎಣಿಸಿಕೊಂಡಿದ್ದರೆ, ಆ ಒಂದು ಗ್ರಾಂ ಯಾವ ಷರತ್ತಿನಲ್ಲೂ ಕಾಣದ 10,000 ರೂಪಾಯಿಯ ಕಡಿತ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ನಿವ್ವಳ ಬಂಗಾರದ ತೂಕ, ಶುದ್ಧತೆ, ಹಾಲ್‌ಮಾರ್ಕಿನ ಶುಲ್ಕ ಪ್ರತ್ಯೇಕವಾಗಿ ಇರಲೇಬೇಕೆಂಬ ನಿಯಮ ಇರುವುದು ಇದಕ್ಕೇ. ಕರಗಿಸುವ ಷರತ್ತು ಇದ್ದರೆ ಕಣ್ಣೆದುರೇ ಕರಗಿಸುತ್ತಾರೆಯೇ, ಕರಗಿಸಿದ ಮೇಲೆ ಬೆಲೆ ಒಪ್ಪಿಗೆಯಾಗದಿದ್ದರೆ ಗಟ್ಟಿಯನ್ನು ಒಯ್ಯಬಹುದೇ ಎಂದು ಕೊಳ್ಳುವಾಗಲೇ ಕೇಳಬೇಕು. ಸರ ಬೆಂಕಿಗೆ ಬಿದ್ದ ಮೇಲೆ ಚೌಕಾಸಿಗೆ ಬಲವಿರುವುದಿಲ್ಲ.

ಎರಡನೆಯದು ಶುದ್ಧತೆಯದು. ‘ಮಷೀನು 89 ತೋರಿಸ್ತೈತ್ರಿ’ ಎಂದು ದರ ಇಳಿಸುವ ರೂಢಿ ಇದೆ. ಅಂಗಡಿಯ ಎಕ್ಸ್-ರೇ ಯಂತ್ರ ನೋಡುವುದು ಮೇಲ್ಪದರವನ್ನು. ಬೆಸುಗೆಯ ಜಾಗಕ್ಕೆ ಹಿಡಿದರೆ ಅಂಕಿ ಇಳಿಯಬಹುದು, ಆದ್ದರಿಂದ ನಾಲ್ಕಾರು ಕಡೆ ಹಿಡಿಸಬೇಕು. ಆದರೆ ತಮಾಷೆ ಇಲ್ಲಿದೆ. ಒಡವೆ ಅದೇ ಅಂಗಡಿ ಮಾರಿದ 22K916 ಗುರುತಿನದ್ದಾಗಿದ್ದರೆ, ಶುದ್ಧತೆ ಕಡಿಮೆ ಎಂದ ಅಂಗಡಿ ತನ್ನ ಮೇಲೆಯೇ ದೂರು ಬರೆದುಕೊಂಡಂತೆ. 2018ರ ಬಿಐಎಸ್ ನಿಯಮಗಳ ಪ್ರಕಾರ ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕೊರೆಬಿದ್ದರೆ, ಆ ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಮಾರಿದವರೇ ತುಂಬಿಕೊಡಬೇಕು. ಗಿರಾಕಿ ‘ಹಾಗಾದರೆ ಹಾಲ್‌ಮಾರ್ಕ್ ಕೇಂದ್ರದಲ್ಲೇ ಪರೀಕ್ಷೆ ಮಾಡಿಸೋಣ’ ಎಂದರೆ ಸಾಕು, ಮಷೀನಿನ ಅಂಕಿ ಎಷ್ಟೋ ಸಲ ತಾನಾಗಿ ಸುಧಾರಿಸೀತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ಶುದ್ಧತೆ ಎಷ್ಟೆಂದು ನೋಡಬಹುದು.

ಸಣ್ಣ ಊರುಗಳಿಗೆ ಈ ಕಾಗದಪತ್ರ ಯಾಕೆ, ಮೂರು ತಲೆಮಾರಿನ ಪತ್ತಾರರ ಮಾತೇ ಗ್ಯಾರಂಟಿ ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳಿದೆ: ಪರಿಚಯದ ಅಂಗಡಿ ಮಜೂರಿ ಕಡಿಮೆ ಹಿಡಿಯಬಹುದು, ರಾತ್ರೋರಾತ್ರಿ ಹಣ ಹೊಂದಿಸಿಯೂ ಕೊಡಬಹುದು, ಹುಬ್ಬಳ್ಳಿಯ ದೊಡ್ಡ ಮಳಿಗೆಯಲ್ಲಿ ಕೊಂಡ ಮುಂಡರಗಿಯವರು ಮೂಲ ಬಿಲ್ ಹಿಡಿದು ಅಲ್ಲಿಗೇ ಹೋಗಬೇಕು. ಆದರೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರದ ಅಂಗಡಿಗೆ ಹಾಲ್‌ಮಾರ್ಕಿನ ಕಡ್ಡಾಯದಿಂದ ವಿನಾಯಿತಿ ಇದೆ. ಇನ್ನು ಶೇ. 3 ಉಳಿಸಲು ಕಚ್ಚಾ ಚೀಟಿಯಲ್ಲಿ ಕೊಂಡವರು 5,520 ರೂಪಾಯಿ ಉಳಿಸಿ, ತೂಕ ಮತ್ತು ಶುದ್ಧತೆ ಎರಡಕ್ಕೂ ಇದ್ದ ಸಾಕ್ಷಿಯನ್ನು ಬಿಟ್ಟುಕೊಟ್ಟಿರುತ್ತಾರೆ. ಆ ಸರವನ್ನು ಬೇರೆ ಅಂಗಡಿಗೆ ಒಯ್ದರೆ ಅದು ಬರೀ ಹಳೇ ಬಂಗಾರ, ದರ ಅವರು ಹೇಳಿದ್ದು. ಮಾತು ಕೊಟ್ಟ ಹಿರಿಯರು ಗಲ್ಲೆಯಿಂದ ಎದ್ದು ಮಗ ಕೂತ ಮೇಲೆ ಅದೇ ಅಂಗಡಿಯಲ್ಲೂ ಹಾಗೇ ಆಗಬಹುದು. ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಂತರೂ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.