ಕೆರೆ ನಾರುತ್ತಿದೆ, ಸರಿ. ಆಮೇಲೆ?

ದೆಹಲಿ ವರದಿಗಾರರ ಹುದ್ದೆಗೆ ಸಂದರ್ಶನಕ್ಕೆ ಬರುವವರಿಗೆ ಮೂರು ವಿಶೇಷ ವರದಿಗಳ ಐಡಿಯಾ ಸಿದ್ಧಮಾಡಿಕೊಂಡು ಬನ್ನಿ ಎಂದು ಮೊದಲೇ ಹೇಳಿರುತ್ತೇವೆ. ದಕ್ಷಿಣ ದೆಹಲಿಯಲ್ಲಿ ಓದಿದವರ ಪಟ್ಟಿಯಲ್ಲಿ ಹೌಜ್ ಖಾಸ್ ಕೆರೆ ಹೆಚ್ಚಾಗಿ ಇರುತ್ತದೆ. ‘ಐತಿಹಾಸಿಕ ಕೆರೆ ಹಸಿರುಗಟ್ಟಿ ನಾರುತ್ತಿದೆ, ಅಧಿಕಾರಿಗಳ ನಿರ್ಲಕ್ಷ್ಯ.’ ದಂಡೆಯ ಮೇಲೆ ವಾಕಿಂಗ್ ಮಾಡುವ ಯಾರು ಬೇಕಾದರೂ ಹೇಳಬಹುದಾದ ಮಾತಿದು. ಇದನ್ನು ನಾನು ಐಡಿಯಾ ಎಂದು ಒಪ್ಪುವುದಿಲ್ಲ.

ನಾನು ಮೊದಲು ಕೇಳುವುದು, ಆ ನೀರು ಎಲ್ಲಿಂದ ಬರುತ್ತದೆ ಎಂದು. ಅಲಾವುದ್ದೀನ್ ಖಿಲ್ಜಿ ತೋಡಿಸಿದ, ಫಿರೋಜ್ ಷಾ ತುಘಲಕ್ ಹೂಳೆತ್ತಿಸಿದ ಕೆರೆ ನಮ್ಮ ಕಾಲಕ್ಕೆ ಬತ್ತಿಹೋಗಿತ್ತು. 2000ದ ದಶಕದಲ್ಲಿ ಅದಕ್ಕೆ ಮತ್ತೆ ನೀರು ಬಂದದ್ದು ಒಳಚರಂಡಿ ನೀರನ್ನು ಶುದ್ಧೀಕರಿಸಿ ಹರಿಸಿದ್ದರಿಂದ. ಇಷ್ಟು ಗೊತ್ತಿದ್ದರೆ ಮುಂದಿನ ಪ್ರಶ್ನೆಗಳು ತಾವೇ ಹುಟ್ಟುತ್ತವೆ. ಉದ್ಯಾನ ಮತ್ತು ಕೆರೆ ಡಿಡಿಎ ಕೈಯಲ್ಲಿ, ದಂಡೆಯ ಮದರಸಾ, ಗೋರಿ ಪುರಾತತ್ವ ಇಲಾಖೆಯ ಕೈಯಲ್ಲಿ, ಒಳಚರಂಡಿ ಶುದ್ಧೀಕರಣ ದೆಹಲಿ ಜಲ ಮಂಡಳಿಯ ಹೊಣೆ, ಮಾಲಿನ್ಯದ ಮೇಲ್ವಿಚಾರಣೆಗೆ ಇನ್ನೊಂದು ಸಮಿತಿ. ‘ನಿರ್ಲಕ್ಷ್ಯ’ ಇದರಲ್ಲಿ ಯಾರದು? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು, ಉತ್ತರಕ್ಕೆ 30 ದಿನ ಕಾಯಬೇಕು. ತಪ್ಪು ಕಚೇರಿಗೆ ಹಾಕಿದರೆ ವರ್ಗಾಯಿಸಲು ಇನ್ನೂ 5 ದಿನ. ಎರಡು ವಾರದಲ್ಲಿ ವರದಿ ಕೊಡುತ್ತೇನೆ ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಇನ್ನು ಅಂಕಿಯ ವಿಚಾರ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಪಾಚಿ ಕಟ್ಟಿದ ಕೆರೆಯಲ್ಲಿ ಈ ಅಂಕಿ ದಿನವಿಡೀ ಏರಿಳಿಯುತ್ತದೆ. ಬಿಸಿಲಿದ್ದಷ್ಟು ಹೊತ್ತು ಪಾಚಿ ಆಮ್ಲಜನಕ ಬಿಡುತ್ತದೆ, ಹಾಗಾಗಿ ಮಧ್ಯಾಹ್ನದ ನೀರು ಕಾಗದದ ಮೇಲೆ ಆರೋಗ್ಯವಾಗಿಯೇ ಕಾಣುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು ಸಾಯುವುದು ಬಹುಮಟ್ಟಿಗೆ ಬೆಳಗಿನ ಜಾವದಲ್ಲಿ. ಆದ್ದರಿಂದ ‘ಕೆರೆ ಕೆಟ್ಟಿದೆಯೇ’ ಎನ್ನುವುದಕ್ಕಿಂತ ‘ಮಾದರಿಯನ್ನು ಎಷ್ಟು ಗಂಟೆಗೆ, ಯಾವ ದಂಡೆಯಲ್ಲಿ ತೆಗೆದರು’ ಎನ್ನುವುದು ಹತ್ತು ಪಟ್ಟು ಒಳ್ಳೆಯ ಪ್ರಶ್ನೆ. ಅದನ್ನು ಕೇಳಿದವರ ಐಡಿಯಾವನ್ನು ನಾನು ಅಲ್ಲೇ ಒಪ್ಪಿಕೊಳ್ಳುತ್ತೇನೆ.

ಪ್ರಚಲಿತ ವಿದ್ಯಮಾನವನ್ನೂ ಹೀಗೆಯೇ ಕೇಳುತ್ತೇನೆ. ಕಾವೇರಿ ಪ್ರಾಧಿಕಾರದ ಅಧ್ಯಕ್ಷರ ಹೆಸರು ನನಗೆ ಬೇಡ. 2023ರ ಸೆಪ್ಟೆಂಬರಿನಲ್ಲಿ 15 ದಿನ 5,000 ಕ್ಯುಸೆಕ್ ಬಿಡಿ ಎಂದರಲ್ಲ, ಅದು ಎಷ್ಟು ಟಿಎಂಸಿ? ದಿನಕ್ಕೆ 86,400 ಸೆಕೆಂಡು, ಗುಣಿಸಿದರೆ ದಿನಕ್ಕೆ 0.432, ಒಟ್ಟು ಆರೂವರೆಗೆ ತುಸು ಕಡಿಮೆ. ಅದನ್ನು ಅಳೆಯುವ ಬಿಳಿಗುಂಡ್ಲು ಮಾಪನ ಕೇಂದ್ರ ಯಾರದು? ಕೇಂದ್ರ ಜಲ ಆಯೋಗದ್ದು. ಕನ್ನಡ ಪತ್ರಿಕೆಯ ದೆಹಲಿ ವರದಿಗಾರನಿಗೆ ಇದು ಬಾಯಿಗೆ ಬರಬೇಕು. ಹೇಳಿಕೆ ಕೊಡುವ ಸಚಿವರೂ ಒಮ್ಮೊಮ್ಮೆ ಕ್ಯುಸೆಕ್ ಮತ್ತು ಟಿಎಂಸಿಯನ್ನು ಅದಲುಬದಲು ಮಾಡುತ್ತಾರೆ.

ಮತ್ತೆ ಕೆರೆಗೆ ಬರುತ್ತೇನೆ. ಶುದ್ಧೀಕರಣ ಘಟಕದ ನೌಕರನೊಬ್ಬ ಲ್ಯಾಬ್ ವರದಿಯ ಫೋಟೊ ವಾಟ್ಸ್‌ಆ್ಯಪ್ ಮಾಡಿದ ಎಂದಿಟ್ಟುಕೊಳ್ಳಿ, ಏನು ಮಾಡುತ್ತೀರಿ? ‘ಫೋಟೊ ಅಧಿಕಾರಿಗೆ ಕಳಿಸಿ ಪ್ರತಿಕ್ರಿಯೆ ಕೇಳ್ತೀನಿ ಸರ್’ ಎನ್ನುವವರೇ ಹೆಚ್ಚು. ಅಲ್ಲಿಗೆ ಆ ನೌಕರನ ಕೆಲಸ ಹೋದಂತೆ. ಮೂಲೆಯ ಮಡಿಕೆ, ಪೆನ್ನಿನ ಗೀಟು, ಪ್ರತಿಯ ಕ್ರಮಸಂಖ್ಯೆ, ಯಾವುದರಿಂದಲಾದರೂ ಆ ಪ್ರತಿ ಯಾರ ಮೇಜಿನದು ಎಂದು ತಿಳಿಯುತ್ತದೆ. ಫೋಟೊ ನಮ್ಮಲ್ಲೇ ಇರಬೇಕು. ಮಾದರಿಯ ದಿನಾಂಕ, ಅಂಕಿಗಳನ್ನು ಹೇಳಿ ‘ಇದು ಸರಿಯೇ?’ ಎಂದು ಕೇಳಬೇಕು. ಆ ಅಂಕಿ ನೋಡಿದವರು ಇಬ್ಬರೇ ಇದ್ದರೆ ಅದನ್ನೂ ಕೇಳದೆ, ಇಡೀ ವರ್ಷದ ವರದಿಗಳನ್ನು ಮಾಹಿತಿ ಹಕ್ಕಿನಡಿ ತರಿಸಿ ಅದರೊಳಗೆ ಇದನ್ನು ಹುಡುಕಬೇಕು. ತಡವಾಗುತ್ತದೆ, ಆಗಲಿ.

‘ನಿಮ್ಮ ಹೆಸರು ಯಾರಿಗೂ ಹೇಳಲ್ಲ’ ಎಂದು ಮಾತು ಕೊಡುವ ಮುಂಚೆ ಕಾನೂನು ಗೊತ್ತಿರಬೇಕು. ಮೂಲ ಬಹಿರಂಗಪಡಿಸಿ ಎಂದು ಪತ್ರಕರ್ತರನ್ನು ಪ್ರೆಸ್ ಕೌನ್ಸಿಲ್ ಬಲವಂತ ಮಾಡುವಂತಿಲ್ಲ ಎಂದು 1978ರ ಕಾಯ್ದೆಯ 15(2)ನೇ ಕಲಂ ಹೇಳುತ್ತದೆ. ಆ ರಕ್ಷಣೆ ಕೌನ್ಸಿಲಿನ ಬಾಗಿಲವರೆಗೆ ಮಾತ್ರ, ನ್ಯಾಯಾಲಯ ಕೇಳಬಹುದು. ಅಲ್ಲಿಯೂ ರಕ್ಷಣೆ ಬೇಕು ಎಂದು ಕಾನೂನು ಆಯೋಗ 1983ರಲ್ಲೇ ತನ್ನ 93ನೇ ವರದಿಯಲ್ಲಿ ಶಿಫಾರಸು ಮಾಡಿತ್ತು, ಅದು ಕಾಯ್ದೆಯಾಗಲಿಲ್ಲ. ಹಾಗಾಗಿ ಸಂಪಾದಕರಿಗೆ ಹೆಸರು ತಿಳಿಸುತ್ತೇನೋ ಇಲ್ಲವೋ ಎಂಬುದೂ ಸೇರಿ, ಎಲ್ಲ ಷರತ್ತುಗಳನ್ನು ಆ ನೌಕರನ ಮುಂದೆ ಮಾತು ಶುರುವಾಗುವ ಮೊದಲೇ ಬಿಡಿಸಿ ಹೇಳಬೇಕು.

ಕೊನೆಯ ಪ್ರಶ್ನೆ: ಬೆಳಗಿನ ಜಾವದ ಅಂಕಿಯೂ ಚೆನ್ನಾಗಿಯೇ ಬಂದರೆ? ‘ಬೇರೆ ಲ್ಯಾಬಿನಲ್ಲಿ ಮಾಡಿಸ್ತೀನಿ’ ಎಂದು ಥಟ್ಟನೆ ಹೇಳುವವರು ನನ್ನನ್ನು ಕಂಗೆಡಿಸುತ್ತಾರೆ. ‘ಹಾಗಾದ್ರೆ ಆ ವಾಸನೆ ಎಲ್ಲಿಂದ ಬರ್ತಿದೆ ಸರ್?’ ಎಂದು ತಿರುಗಿ ಕೇಳಿದವರಿಗೆ, ಬೇರೆ ಉತ್ತರಗಳು ಸಾಧಾರಣವಾಗಿದ್ದರೂ, ಕೆಲಸ ಕೊಡಿ ಎಂದು ಬರೆಯುತ್ತೇನೆ.